ಕಲ್ಯಾಣದುರ್ಗದ ವ್ಯಾನು ನಿಲ್ಲಿಸಲಿದ್ದ ನನ್ನ ಲಿಸ್ಟು

ಕೆಲಸ ಹೇಳಿದವರಿಗೆ ತಿರುಗಿ ಪ್ರಶ್ನೆ ಹಾಕೋದು ದಡ್ಡರ ಲಕ್ಷಣ ಅಂದುಕೊಂಡಿದ್ದ ಕಾಲ ಅದು.

ಹಿಂದೂಪುರದ ಚಾಕಿ ಕೇಂದ್ರದಲ್ಲಿ ಕಂಪ್ಯೂಟರು ನನ್ನ ಪಾಲಿಗೆ. ರೇಷ್ಮೆಹುಳ ಎರಡು ಜ್ವರ ಕಳೆಯೋವರೆಗೆ, ಅಂದ್ರೆ ಎರಡು ಸಲ ಪೊರೆ ಬಿಡೋವರೆಗೆ, ನಾವು ಸಾಕಿ, ಆಮೇಲೆ ರೈತರಿಗೆ ಕೊಡ್ತೀವಿ. ವಾರಕ್ಕೊಮ್ಮೆ ವ್ಯಾನು ಕಲ್ಯಾಣದುರ್ಗಕ್ಕೂ ಹೋಗುತ್ತೆ. ಅಲ್ಲಿ ಹುಳ ಇಳಿಸ್ಕೊಂಡು ಬ್ರಹ್ಮಸಮುದ್ರ, ಬೆಳುಗುಪ್ಪದವರಿಗೆ ಹಂಚೋದು ಒಬ್ಬ ಅಕ್ಕ. ತಾನೂ ಹುಳ ಸಾಕ್ತಾಳೆ.

ಒಂದು ಬೆಳಿಗ್ಗೆ ಯಜಮಾನರ ಮೆಸೇಜು: ‘ಕಲ್ಯಾಣದುರ್ಗದ ಆ್ಯಕ್ಟಿವ್ ಕಸ್ಟಮರ್ಸ್ ಲಿಸ್ಟ್ ತೆಗಿ, ಬೇಗ, ತೊಂದರಗಾ. ವ್ಯಾನು ಇಟ್ಕೊಳ್ಳೋದೋ ಬಿಡೋದೋ ನೋಡ್ಬೇಕು.’

ಯಾವ ಟೇಬಲ್ಲು, ಎಷ್ಟು ದಿನದ್ದು, ಆ್ಯಕ್ಟಿವ್ ಅಂದ್ರೆ ಯಾರು, ಒಂದೂ ಇಲ್ಲ. ನಾನೂ ಕೇಳಲಿಲ್ಲ. ಮೊದಲು ರೈತರ ಟೇಬಲ್ಲಿನ ಸ್ಟೇಟಸ್ ನೋಡಿದೆ. ಎಲ್ಲರೂ ಆ್ಯಕ್ಟಿವ್. ಸೇರಿಸಿದ ದಿನ ತಾನಾಗೇ ಬಿದ್ದದ್ದನ್ನ ಯಾರೂ ಬದಲಾಯಿಸೇ ಇಲ್ಲ. ನಾನು ತಿಥಿ ಊಟ ಉಂಡು ಬಂದಿದ್ದ ಮುದುಕರೂ ಅದರಲ್ಲಿದ್ದರು. ನಗು ಬಂತು. ಆಮೇಲೆ ಹುಳ ಹಂಚಿದ ಟೇಬಲ್ ಹಿಡಿದು, ‘ಕಳೆದ ಮೂವತ್ತು ದಿನ’ ಅಂತ ಹಾಕಿದೆ. ಹದಿನೆಂಟು ಜನ ಬಂದರು. ಕಳಿಸಿ, ಟೀ ಕುಡಿಯೋಕೆ ಹೋದೆ.

ಟೀ ಮುಗಿಯೋದರೊಳಗೆ ಅಕ್ಕನ ಫೋನು.

“ವ್ಯಾನು ನಿಲ್ಸ್ಬುಡ್ತಾರಂತೆ. ನಮ್ ಕಡೆ ಹದಿನೆಂಟೇ ಜನ ಅಂದೀಯಂತೆ. ಯಾವತ್ತಿಂದ ಎಣಿಸ್ದೆ ಕಣಪ್ಪ?”

“ಒಂದು ತಿಂಗಳಿಂದ ಅಕ್ಕ.”

“ನಿಮ್ ಹಿಂದೂಪುರದ ಪಕ್ಕದ ಪರಿಗಿಯೋರು ಎರಡೆರಡು ಹಿಪ್ಪುನೇರಳೆ ತೋಟ ಮಾಡ್ಕೊಂಡು ತಿಂಗ್ಳಿಗೊಂದು ಬೆಳೆ ತೆಗೀತಾರೆ. ನಮ್ಮೋರ್ದು ಒಂದೇ ತೋಟ. ಕಡ್ಡಿ ಕುಯ್ದ ಮೇಲೆ ಸೊಪ್ಪು ಬರಕ್ಕೆ ಎರಡು ತಿಂಗ್ಳು ದಾಟ್ತದೆ. ಅಲ್ಲೀಗಂಟ ಹುಳ ತಂದು ಏನ್ ತಿನ್ಸ್ತಾರೆ, ನಿನ್ ಕಂಪ್ಯೂಟರಾ?”

ಟೀ ಬಿಟ್ಟು ಬಂದು ಕಂಪ್ಯೂಟರಲ್ಲಿ ಲಿಸ್ಟು ತೆಗೆದೆ.

“ಅದ್ರಾಗೆ ನನ್ ಹೆಸ್ರು ಹುಡ್ಕು.”

ಹುಡುಕಿದೆ. ಇರಲಿಲ್ಲ. ಅವಳು ತನ್ನ ಮನೆಗೆ ಅಂತ ಹುಳ ತಗೊಂಡು ನಲವತ್ತೇಳು ದಿನ ಆಗಿತ್ತು.

“ನಾನೇ ಇಲ್ಲ ಕಣ್ಲಾ ನಿನ್ ಲೆಕ್ಕದಾಗೆ,” ಅಂದಳು. ಬೈದಿದ್ದರೆ ವಾಸಿ ಇತ್ತು.

ಯಜಮಾನರ ಮುಂದೆ ಹೋಗಿ ನಿಂತೆ. “ಹುಳ ಬುಕ್ ಮಾಡಿದವರು ಬೇಕಾ, ನಿಜವಾಗ್ಲೂ ತಗೊಂಡವರು ಬೇಕಾ? ಎಷ್ಟು ದಿನದ ಒಳಗೆ?”

“ಇಷ್ಟಕ್ಕೆ ನಿನ್ನ ಡಿಗ್ರಿ ಯಾಕಪ್ಪ?” ಅಂದರು. ಒಂದೇ ತೋಟದ ವಿಷಯ ಹೇಳಿದೆ. ಸೊಪ್ಪಿನ ಲೆಕ್ಕ ಅವರಿಗೆ ನಾನು ಕಲಿಸಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಮೀಸೆ ಸವರಿದರು. “ಬುಕಿಂಗ್ ಬೇಡ, ಕ್ಯಾನ್ಸಲ್ ಮಾಡ್ತಾರೆ. ತಗೊಂಡೋರು. ತೊಂಬತ್ತು ದಿನ ಹಾಕು.”

ಒಬ್ಬರ ಹೆಸರು ಎರಡು ಸಲ ಬರದ ಹಾಗೆ ಮಾಡಿ ಓಡಿಸಿದೆ. ಎಪ್ಪತ್ತಮೂರು ಜನ. ವ್ಯಾನು ಉಳಿಯಿತು.

ಲಿಸ್ಟನ್ನ ಅಕ್ಕನಿಗೂ ಕಳಿಸಿದೆ. ಶಹಬ್ಬಾಸ್ ಅಂತಾಳೆ ಅಂತ ಕಾದೆ. ಬಹಳ ಹೊತ್ತಿನ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು.

“ನಲವತ್ತೊಂದನೇದು ನಾನು ಕಣಪ್ಪ. ನೋಡ್ಕೊಂಡೆ.”