ಅಚ್ಚಿಗೆ ಸುತ್ತಿಕೊಂಡ ದಾರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗ ವಯಸ್ಸಾಗಿ ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ. ಎರಡು ಸಾವಿರನೇ ಇಸವಿಯ ಆಚೀಚೆಗಿನ ವರ್ಷಗಳಲ್ಲಿ ಕಾರವಾರದ ಹೊರಗಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಟ್ರೋಲ್ ಸಿಸ್ಟಮ್ ಪಾಠ ಹೇಳುತ್ತಿದ್ದಾಗ ಅದು ಏರುಗಾಲದಲ್ಲಿತ್ತು. ಕೋಡಿಬಾಗದ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೋಗುವುದು, ನಾನು ಓದುವಾಗ ಬರೆದುಕೊಂಡಿದ್ದ ಹಳೆಯ ನೋಟ್ಸ್ ತೆರೆಯುವುದು, ಹೇಳಿ ಬರೆಸುವುದು. ಹುಡುಗರು ಬರೆದುಕೊಂಡದ್ದನ್ನೇ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ನಾನು ನೋಟ್ಸ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ ಅಂಕ ಕೊಡುತ್ತಿದ್ದೆ. ಎರಡು ಕಡೆಯವರಿಗೂ ತೊಂದರೆ ಇರಲಿಲ್ಲ.

ಒಂದು ಸಲ ಇಂಟರ್ನಲ್ ಪರೀಕ್ಷೆಗೆ ಲೋಲಕದ ಪ್ರಶ್ನೆ ಕೊಟ್ಟಿದ್ದೆ. ಗಟ್ಟಿ ಸರಳಿನ ತುದಿಗೆ ಗುಂಡು, ಮೇಲೆ ತಿರುಗುವ ಅಚ್ಚು, ಸ್ವಲ್ಪ ಘರ್ಷಣೆ. ಬಿಟ್ಟರೆ ತೂಗಿ ತೂಗಿ ಕೊನೆಗೆ ಕೆಳಗೆ ನಿಲ್ಲುತ್ತದೆ. ಆದರೆ ಯಾವ ಕೋನದಿಂದ, ಎಷ್ಟು ವೇಗದಿಂದ ಹೊರಟರೆ ಖಂಡಿತ ಅಲ್ಲಿಗೇ ಮರಳುತ್ತದೆ? ಕೋನ ಅಡ್ಡಕ್ಕೆ, ವೇಗ ಮೇಲಕ್ಕೆ ಗುರುತಿಸಿದ ನಕ್ಷೆಯಲ್ಲಿ ಆ ಪ್ರದೇಶವನ್ನು ಶಕ್ತಿಯ ಲೆಕ್ಕದಿಂದ ಅಂದಾಜು ಮಾಡಬೇಕು. ನನ್ನ ನೋಟ್ಸಿನಲ್ಲಿ ಉತ್ತರ ಎರಡೇ ಸಾಲು: ಕೆಳಗಿನಿಂದ ಅಳೆದ ಕೋನ ಎರಡೂ ಕಡೆ ನೂರಾ ಎಂಬತ್ತು ಡಿಗ್ರಿಯೊಳಗೆ ಇದ್ದರೆ ಶಕ್ತಿ ಧನಾತ್ಮಕ, ಘರ್ಷಣೆಯಿಂದ ಅದು ಏರುವುದಿಲ್ಲ, ಹಾಗಾಗಿ ಆ ಇಡೀ ಪಟ್ಟಿಯೇ ಉತ್ತರ. ವೇಗ ಎಷ್ಟಿದ್ದರೂ ಸರಿ. ಇಡೀ ಕ್ಲಾಸು ಹಾಗೆಯೇ ಬರೆದಿತ್ತು, ಒಬ್ಬಳನ್ನು ಬಿಟ್ಟು.

ಅವಳು ಬೇಲೆಕೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು. ತಾಯಿ ಕೂಲಿ ಮಾಡಿ ಓದಿಸುತ್ತಿದ್ದರು. ಅವಳು ಪಟ್ಟಿಯ ಬದಲು ಕಣ್ಣಿನ ಆಕಾರದ ಒಂದು ಗೆರೆ ಎಳೆದು, ಅದರ ಒಳಗಷ್ಟೇ ಉತ್ತರ ಎಂದು ಬರೆದಿದ್ದಳು. ನಾನು ಓದಲೂ ಇಲ್ಲ. ನೋಟ್ಸಿಗೆ ತಾಳೆಯಾಗಲಿಲ್ಲ, ಹತ್ತಕ್ಕೆ ಎರಡು ಕೊಟ್ಟು ಮುಂದಿನ ಪೇಪರಿಗೆ ಹೋದೆ. ಜ್ವರ ಬಂದು ಅವಳಿಗೆ ಮೊದಲ ಟೆಸ್ಟ್ ತಪ್ಪಿತ್ತು. ಈಗ ಒಟ್ಟು ಅಂಕ ಬೇಕಾದ ಕನಿಷ್ಠಕ್ಕಿಂತ ಮೂರು ಕಡಿಮೆಯಾಯಿತು. ಶನಿವಾರ ಆಫೀಸಿಗೆ ಹೋಗುವ ಅಂಕಪಟ್ಟಿಯಲ್ಲಿ ಅಷ್ಟು ಅಂಕ ಇಲ್ಲದಿದ್ದರೆ ಮುಖ್ಯ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋದ ಹಾಗೆಯೇ.

ಗುರುವಾರ ಅವಳು ಸ್ಟಾಫ್ ರೂಮಿಗೆ ಬಂದಳು. ಅಂಕಕ್ಕಾಗಿ ಅತ್ತು ಕರೆದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಅವಳು ಅಳಲಿಲ್ಲ. ತನ್ನ ಉತ್ತರದಲ್ಲಿ ತಪ್ಪು ಯಾವ ಸಾಲಿನಲ್ಲಿದೆ ಎಂದು ತೋರಿಸಬೇಕಂತೆ. ನನಗೆ ಪಿತ್ತ ನೆತ್ತಿಗೇರಿತು. ಮೂವತ್ತೆಂಟು ಜನ ಸರಿ ಬರೆದದ್ದು ನಿನಗೊಬ್ಬಳಿಗೇ ತಪ್ಪಾಗಿ ಕಂಡಿತೇ ಎಂದು ಕೇಳಿದೆ. ಲ್ಯಾಬಿಗೆ ಬಂದು ಹತ್ತು ನಿಮಿಷ ನೋಡಿದರೆ ಸಾಕು, ಆಮೇಲೆ ತಾನು ಮಾತಾಡುವುದಿಲ್ಲ ಎಂದಳು. ಬಾಯಿ ಮುಚ್ಚಿಸಿದ ಹಾಗಾಗುತ್ತದೆ ಎಂದು ಹೋದೆ.

ಲ್ಯಾಬಿನ ಮೂಲೆಯಲ್ಲಿ ನಮ್ಮ ಲೋಲಕ ಇತ್ತು. ಅವಳು ಬಲೆ ಹೆಣೆಯುವ ನೀಲಿ ನೈಲಾನ್ ದಾರದ ತುಂಡೊಂದನ್ನು ತಂದಿದ್ದಳು. ಒಂದು ತುದಿಯನ್ನು ತಿರುಗುವ ಅಚ್ಚಿಗೆ ಕಟ್ಟಿದಳು, ಇನ್ನೊಂದನ್ನು ಅಲುಗಾಡದ ಸ್ಟ್ಯಾಂಡಿಗೆ ಸಡಿಲವಾಗಿ ಕಟ್ಟಿದಳು. ಗುಂಡನ್ನು ನೂರಾ ಇಪ್ಪತ್ತು ಡಿಗ್ರಿಗೆ ಎತ್ತಿ ಸುಮ್ಮನೆ ಬಿಟ್ಟಳು. ಅದು ತೂಗಿತು, ತೂಗಿತು, ನಿಂತಿತು. ದಾರ ಮೊದಲಿದ್ದ ಹಾಗೆಯೇ ಜೋತುಬಿದ್ದಿತ್ತು. ಮತ್ತೆ ಅದೇ ನೂರಾ ಇಪ್ಪತ್ತಕ್ಕೆ ಎತ್ತಿ, ಈ ಸಲ ಮೇಲ್ಮುಖವಾಗಿ ಜೋರಾಗಿ ತಳ್ಳಿದಳು. ಗುಂಡು ನೆತ್ತಿ ದಾಟಿ ಆಚೆ ಬದಿಗೆ ಇಳಿಯಿತು, ತೂಗಿ ತೂಗಿ ಅಲ್ಲೇ ಕೆಳಗೆ ನಿಂತಿತು.

ನಾನು ನಕ್ಕೆ. ಮರಳಿ ಬಂತಲ್ಲ, ಇನ್ನೇನು ಬೇಕು ಎಂದೆ.

“ಬಂದದ್ದಲ್ಲ ಸರ್, ಹೋದದ್ದು. ದಾರ ನೋಡಿ,” ಎಂದಳು.

ದಾರ ಅಚ್ಚಿಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಕಣ್ಣಿಗೆ ಅದೇ ಜಾಗ, ಲೆಕ್ಕದಲ್ಲಿ ಮುನ್ನೂರ ಅರವತ್ತು ಡಿಗ್ರಿ ಆಚೆಗಿನ ಬೇರೆಯೇ ನಿಲುಗಡೆ. ಎರಡು ಸಲವೂ ಹೊರಟದ್ದು ನನ್ನ ಪಟ್ಟಿಯ ಒಳಗಿನಿಂದಲೇ. ಎರಡನೆಯ ಸಲ ಅದು ಪಟ್ಟಿಯ ಗಡಿ ದಾಟಿ ಹೋಗಿತ್ತು.

ಆಮೇಲೆ ಅವಳು ಬೋರ್ಡಿನ ಮೇಲೆ ತನ್ನ ಗೆರೆ ಎಳೆದಳು. ತಲೆಕೆಳಗಾಗಿ ನೆಟ್ಟಗೆ, ಅಲುಗದೆ ನಿಂತ ಲೋಲಕಕ್ಕೆ ಎಷ್ಟು ಶಕ್ತಿಯೋ ಆ ಗೆರೆಯ ಮೇಲೆಲ್ಲ ಅಷ್ಟೇ ಶಕ್ತಿ. ವೇಗದ ಪಾಲು, ಎತ್ತರದ ಪಾಲು ಎರಡೂ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಗೆರೆಯ ಒಳಗೆ. ಕೋನ ಹೆಚ್ಚಾದಷ್ಟೂ ಕೊಡಬಹುದಾದ ವೇಗ ಕಡಿಮೆ, ನೆತ್ತಿಯ ಹತ್ತಿರ ಬಂದಾಗ ಹೆಚ್ಚುಕಡಿಮೆ ಸೊನ್ನೆ. ಶಕ್ತಿ ಏರುವುದಿಲ್ಲವಾದ್ದರಿಂದ ಒಳಗಿದ್ದದ್ದು ಈ ಗೆರೆಯನ್ನು ದಾಟಲಾರದು. ತೂಗಾಟದ ತುದಿಯಲ್ಲಿ ವೇಗ ಸೊನ್ನೆಯಾದ ಗಳಿಗೆ ಶಕ್ತಿ ಇಳಿಯುವುದಿಲ್ಲ ನಿಜ, ಆದರೆ ಕೆಳಗಿನ ಬಿಂದುವಿನಲ್ಲಿ ಬಿಟ್ಟು ಒಳಗೆ ಬೇರೆಲ್ಲೂ ಲೋಲಕ ಹಾಗೆ ನಿಂತಿರಲು ಆಗುವುದಿಲ್ಲ. ಅದನ್ನೂ ಅವಳು ಪೇಪರಿನಲ್ಲಿ ಬರೆದಿದ್ದಳು. ನಾನು ಓದಿರಲಿಲ್ಲ.

“ನಿಮ್ಮ ಪಟ್ಟಿಯ ಗಡಿ ಕೋನ ನೋಡಿ ಎಳೆದದ್ದು ಸರ್. ಅದನ್ನ ದಾಟೂಕೆ ಶಕ್ತಿ ಏರೂದು ಬೇಡ.”

ಸರಿ ಎಂದು ಅಲ್ಲೇ ಒಪ್ಪಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತು, ಅವಳ ಗೆರೆಯಿಂದ ತುಸು ಹೊರಗಿನ ಒಂದು ವೇಗ ಹಾಕಿದೆ. ಘರ್ಷಣೆ ಅಷ್ಟನ್ನು ತಿಂದು ಹಾಕಿ, ಲೋಲಕ ನೆತ್ತಿ ಮುಟ್ಟದೆ ಹಿಂದಕ್ಕೆ ಬಂತು. ನೋಡು, ಹೊರಗಿನದೂ ಬಂತು, ನಿನ್ನ ಗೆರೆಯೂ ತಪ್ಪೇ ಎಂದೆ. ಆ ಗಳಿಗೆಯಲ್ಲಿ ನನಗಾದ ಖುಷಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಪರದೆಯನ್ನು ಪೂರ್ತಿ ನೋಡಿದಳು. ಅವಸರ ಮಾಡಲಿಲ್ಲ.

“ಹೊರಗಿದ್ದದ್ದು ಬರೂದಿಲ್ಲ ಅಂತ ನಾನು ಬರೀಲಿಲ್ಲ ಸರ್. ಬಂದ್ರೂ ಬರಬಹುದು. ಒಳಗಿದ್ದದ್ದು ಬಂದೇ ಬರ್ತದೆ ಅಂತ ಬರ್ದದ್ದು. ಅಂದಾಜು ಅಂತಲೇ ಕೇಳಿದ್ರಲ್ಲ.”

ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಹೌದು, ಅಂದಾಜು ಎಂದು ನಾನೇ ಬರೆದಿದ್ದೆ. ನಾನು ಪ್ರಶ್ನೆಯಲ್ಲಿ ಕೊಟ್ಟ ಪದವನ್ನು ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ ಗಮನವಿಟ್ಟು ಓದಿದ್ದಳು. ತನಗೆ ಗೊತ್ತಿರುವುದು ಎಷ್ಟೋ ಅಷ್ಟನ್ನೇ ಖಂಡಿತವಾಗಿ ಹೇಳಿ, ಅದರಾಚೆ ಒಂದಕ್ಷರ ಹೇಳದೆ ನಿಲ್ಲುವ ಆ ಗಟ್ಟಿತನ ನನಗೆ ಇರಲಿಲ್ಲ. ಅದನ್ನು ಕಂಡು ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ತುಂಬಾ ಸಂತೋಷವಾಯಿತು.

ಶನಿವಾರ ಬೆಳಿಗ್ಗೆ ಅಂಕ ತಿದ್ದಲು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಹತ್ತಕ್ಕೆ ಹತ್ತು. ತಿದ್ದಿದ ಕಡೆ ಕಾರಣ ಬರೆಯಬೇಕು, ವಿದ್ಯಾರ್ಥಿಯೂ ಸಹಿ ಹಾಕಬೇಕು. ಅವಳು ಬಾಗಿಲ ಬಳಿ ನಿಂತಿದ್ದಳು. ಉಳಿದವರು ನಾನು ಬರೆಸಿದ್ದನ್ನೇ ಬರೆದವರು, ಅವರ ಅಂಕ ಮುಟ್ಟುವುದು ಬೇಡ, ಸೋಮವಾರ ಪಾಠ ಮತ್ತೆ ಮಾಡುತ್ತೇನೆ ಎಂದು ಮುಖ್ಯಸ್ಥರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ನನ್ನ ಮರ್ಯಾದೆ ಉಳಿಸಲು ನೋಡಿದರು. ಕೂಡುವಾಗ ತಪ್ಪಾಗಿದೆ ಎಂದು ಬರೆದುಬಿಡಿ, ಎಲ್ಲರೂ ಹಾಗೇ ಬರೆಯುವುದು ಎಂದರು. ನಾನು ‘ಕೂ’ ಎಂದು ಬರೆದೂ ಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ, ‘ಪಾಠದಲ್ಲೇ ತಪ್ಪು ಹೇಳಿದ್ದೆ, ವಿದ್ಯಾರ್ಥಿನಿಯ ಉತ್ತರ ಸರಿ’ ಎಂದು ಬರೆದು ಸಹಿ ಮಾಡಿದೆ.

ಅವಳು ಸಹಿ ಹಾಕಲು ಬಗ್ಗಿದವಳು ಆ ಸಾಲನ್ನು ಓದಿ, ಮತ್ತೊಮ್ಮೆ ಓದಿದಳು. ಗುರುವಾರ ನನ್ನೆದುರು ಅಲುಗಾಡದೆ ನಿಂತಿದ್ದವಳು ಈಗ ಸಹಿ ಹಾಕುವ ಜಾಗ ಯಾವುದೆಂದು ಎರಡು ಸಲ ಕೇಳಿದಳು. ಮೂರು ಅಂಕದ ಭಯವನ್ನು ಎರಡು ದಿನ ಅವಳು ಎಷ್ಟು ಅದುಮಿಟ್ಟುಕೊಂಡಿದ್ದಳೆಂದು ಆಗ ಗೊತ್ತಾಯಿತು. ಸಹಿ ಹಾಕಿ, ಕಣ್ಣೊರೆಸಿಕೊಂಡು, ಲ್ಯಾಬಿನ ದಾರ ಬಿಚ್ಚಿ ಇಡಬೇಕೇ ಎಂದು ಕೇಳಿದಳು.

“ಬೇಡ, ಅಲ್ಲೇ ಇರ್ಲಿ,” ಎಂದೆ. “ಸೋಮವಾರ ನನಗೆ ಬೇಕು.”