ಬೆಲ್ಲ ಸಪ್ಪಗಾದ ದಿನ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲೊಂದು ಖಾನಾವಳಿ. ಅಲ್ಲಿ ಜೋಳದ ರೊಟ್ಟಿ ಬಡಿಯುವ ರಾಚವ್ವನಿಗೆ ತನ್ನ ರೊಟ್ಟಿಗಿಂತ ಸೊಸೆಯ ಮೇಲೇ ಹೆಚ್ಚು ಹೆಮ್ಮೆ.

"ನಾ ಚಪ್ಪಲಿ ಮೆಟ್ಟೂದ್ರೊಳಗ ವಿಶಾಖಾ ಮಜ್ಜಿಗಿ ಹಿಡಕೊಂಡು ನಿಂತಿರ್ತಾಳ ನೋಡ್."

"ನಮ್ಮನ್ಯಾಗ ಚಾ ಕೇಳಿದ್ರ ಸೊಸಿ ಮಾರಿ ತಿರುವತಾಳ. ಪುಣ್ಯವಂತಿ ಬಿಡ್ ಬೇ ನೀ," ಎಂದು ಜೊತೆಯ ರುದ್ರವ್ವ ಹಿಟ್ಟು ನಾದುತ್ತಲೇ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಮಜ್ಜಿಗೆ ತುಸು ಕಹಿಯಿರುತ್ತಿತ್ತು. ಕರಿಬೇವು ಹೆಚ್ಚಾಗಿರಬೇಕೆಂದು ವಿಶಾಖಾ ಹೇಳಿದರೆ ರಾಚವ್ವ ನಂಬಿಬಿಡುತ್ತಿದ್ದಳು. ನಸುಕಿನಲ್ಲೆದ್ದು ಶುಗರ್ ಮಾತ್ರೆ, ಒಂದು ತುಣುಕು ರೊಟ್ಟಿ, ಹೊರಡುವಾಗ ಆ ಮಜ್ಜಿಗೆ. ಈಚೆಗೆ ಒಲೆಯ ಮುಂದೆ ಕೂತರೆ ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ಒಲೆಯ ಕಾವು ಅಂದುಕೊಂಡಳು.

ಆ ದಿನ ಒಲೆಯ ಮುಂದೆ ಕೂತ ಸ್ವಲ್ಪ ಹೊತ್ತಿಗೇ ನಡುಕ ಜೋರಾಯಿತು. ಹೀಗಾದರೆ ಬೆಲ್ಲ ತಿನ್ನಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಸೆರಗಿನ ಗಂಟು ಬಿಚ್ಚಿ ಬೆಲ್ಲ ಬಾಯಿಗಿಟ್ಟುಕೊಂಡಳು. ಮಣ್ಣು ತಿಂದಂತಾಯಿತು. "ಎಂಥಾ ಕಲಬೆರಕಿ ಬೆಲ್ಲ ಕೊಟ್ಟಾನ ಆ ಅಂಗಡಿ ಭಾಡ್ಯಾ!" ಎಂದು ಉಗಿದಳು. ಉಗಿದ ಸ್ವಲ್ಪ ಹೊತ್ತಿಗೇ ಕಣ್ಣು ಕತ್ತಲಿಟ್ಟು ವಾಲಿದಳು. ಅಂಗೈ ಕಾದ ಹಂಚಿಗೆ ತಾಗಿ ಚುರ್ರೆಂದಿತು. ರುದ್ರವ್ವ ಅವಳನ್ನು ಎಳೆದು ಕೂರಿಸಿ, ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿ ದವಾಖಾನೆಗೆ ಕರೆದೊಯ್ದಳು. ವಿಶಾಖಾ ಓಡುತ್ತಲೇ ಬಂದಳು.

ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. "ಶುಗರ್ ಭಾಳ ಇಳದೈತಿ. ಗುಳಿಗಿ ಎರಡೆರಡು ನುಂಗಿದ್ರೇನು?"

"ಇಲ್ರಿ. ಬೆಲ್ಲ ತಿಂದ್ರ ಮಣ್ಣಿನಂಗ ಸಪ್ಪಗಾತ್ರಿ."

ಡಾಕ್ಟರಮ್ಮ ತಲೆಯೆತ್ತಿದರು. "ಮಧುನಾಶಿನಿ ಎಲಿ ತಗೋಳಾಕತ್ತೀರೇನು? ಅದು ನಾಲಿಗಿಗೆ ತಾಗಿದ್ರ ಸ್ವಲ್ಪ ಹೊತ್ತು ಸಿಹಿ ತಿಳಿಯಂಗಿಲ್ಲ."

"ಶಿವನಾಣಿ ಇಲ್ರಿ. ಇಕಿ ಬಬಲೇಶ್ವರದಿಂದ ಅದರ ಪುಡಿ ತಂದಾಗ, ನಿಮ್ಮನ್ನ ಕೇಳದ ಒಲ್ಲೆ ಅಂದೇನಿ. ಹೌದಲ್ಲ ವಿಶಾಖಾ?"

ವಿಶಾಖಾ ಸೆರಗು ಬಾಯಿಗೊತ್ತಿ ಅತ್ತಳು. "ಮಜ್ಜಿಗ್ಯಾಗ ಕಲಸ್ತಿದ್ದೆ ಅತ್ತಿ. ಶುಗರ್ ಹೆಚ್ಚಾಗಿ ಮಾವಾರ ಕಾಲು ತಗದಂಗ ನಿಮ್ಮದೂ ತಗದಾರು ಅಂತ ಅಂಜಿಕಿ..."

"ಆ ಗುಳಿಗಿನೂ ಶುಗರ್ ಇಳಸತೈತಿ, ಈ ಎಲಿನೂ ಇಳಸತೈತಿ. ಎರಡೂ ಕೂಡಿದ್ರ ಹಿಂಗ ಆಗೂದು," ಎಂದರು ಡಾಕ್ಟರಮ್ಮ. "ಪುಡಿ ಬಂದ್ ಮಾಡ್ರಿ. ಗುಳಿಗಿ ಎಷ್ಟು ಅಂತ ಶುಗರ್ ನೋಡಿ ನಾ ಹೇಳತೇನಿ, ನೀವಾಗೇ ಬಿಡಬ್ಯಾಡ್ರಿ."

ರಾಚವ್ವ ಸುಟ್ಟ ಕೈಯನ್ನು ನೋಡುತ್ತ ಕುಳಿತಳು. "ಊರೆಲ್ಲಾ ನಿನ್ನ ಮಜ್ಜಿಗಿ ಹಾಡಿ ಹೊಗಳಿದ್ನಲ್ಲ ಬೇ," ಎಂದಳು.

ಕೈ ಮಾಯ್ದು ಕೆಲಸಕ್ಕೆ ಹೊರಟ ಬೆಳಿಗ್ಗೆ ವಿಶಾಖಾ ಮತ್ತೆ ಗ್ಲಾಸು ಹಿಡಿದು ನಿಂತಿದ್ದಳು. ರಾಚವ್ವ ಒಂದು ಗುಟುಕು ಕುಡಿದು, ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಸೊಸೆಯ ಎದುರಿಗೇ ನಾಲಿಗೆಗಿಟ್ಟುಕೊಂಡಳು. ಸಿಹಿಯಾಗಿತ್ತು. ಗ್ಲಾಸು ಖಾಲಿ ಮಾಡಿಕೊಟ್ಟಳು.

ಮರುದಿನವೂ ವಿಶಾಖಾ ಗ್ಲಾಸು ಚಾಚಿದಾಗ ರಾಚವ್ವನ ಕೈ ಮೊದಲು ಹೋದದ್ದು ಸೆರಗಿನ ಗಂಟಿಗೇ.