ಮಗಾ ಎನ್ನುವ ಗೆಳತಿ

ಬೆಂಗಳೂರಿನ ಕಾಲೇಜಿಗೆ ಸೇರಿದ ಹೊಸದರಲ್ಲಿ, ಸೊರಬದ ಹಳ್ಳಿಯಿಂದ ಬಂದ ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚು ನಗುತ್ತಿತ್ತು. ಇಂಗ್ಲಿಷ್ ಬೆರೆಸದ ನನ್ನ ಮಾತಿಗೆ ನ್ಯೂಸ್ ಓದ್ತಾಳೆ ಎಂದು ಆಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬಳು ಮಾತ್ರ ಕನಿಕರ ತೋರಿ ನನಗೆ ಪಾಠ ಶುರು ಮಾಡಿದಳು. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರೇ ಅಂತ ಅವಳೇ ಹೇಳಿದ್ದಳು.

ಕ್ಲಾಸಿಗೆ ಚಕ್ಕರ್ ಅಲ್ಲ, ಬಂಕ್. ಅದನ್ನು ಮಾಡುವುದಕ್ಕಿಂತ ಹೊಡೆಯುವುದು ಗತ್ತು. ಚಿಲ್ ಮಾಡಬೇಕು, ಬೋರ್ ಆಗಬೇಕು, ಬಿಲ್ಡಪ್ ಕೊಡಬಾರದು. ಇಂಟರ್ನಲ್ಸಲ್ಲಿ ಕಮ್ಮಿ ಬಂದರೆ 'ಸೀನೇ ಇಲ್ಲ ಮಗಾ' ಎಂದು ಭುಜ ಹಾರಿಸಬೇಕು. ಹುಡುಗಿಯಾದರೂ ಮಗಾನೇ. ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ ಹಚ್ಚಬೇಕು, ಆದರೆ ಪೂರ್ತಿ ಇಂಗ್ಲಿಷಿಗೆ ಹೋದರೆ ಓವರ್ ಆ್ಯಕ್ಟಿಂಗ್. ಎಲ್ಲ ಕಲಿತೆ. ಆದರೂ ರೂಮಿಗೆ ಬಂದರೆ ಮಾತಾಡಿದ ಹಾಗೇ ಇರುತ್ತಿರಲಿಲ್ಲ. ಮನೆ ನೆನಪಾಗುತ್ತಿದೆ ಅಂದರೆ 'ಸೆಂಟಿ ಆಗ್ಬೇಡ' ಎನ್ನುತ್ತಿದ್ದರು. ಊರ ಮಾತಾಡುವ ಒಂದು ಜೀವ ಇದ್ದಿದ್ದರೆ ಎಂದು ಬಹಳ ಆಸೆಯಾಗುತ್ತಿತ್ತು. ಒಮ್ಮೆ ಪಕ್ಕದ ಈ ಗೆಳತಿಗೆ ನಮ್ಮ ಕಡೆಯ ಗುಡವಿ ಪಕ್ಷಿಧಾಮದ ಹಕ್ಕಿಗಳ ಸುದ್ದಿ ಹೇಳಿದೆ. "ಅದೆಲ್ಲಿ ಬರುತ್ತೆ?" ಎಂದು ಕೇಳಿದಳು.

ದಸರಾ ರಜೆಗೆ ಶಿವಮೊಗ್ಗದಿಂದ ಸೊರಬದ ಬಸ್ ಹತ್ತಿದೆ. ಬಸ್ಸು ಶಿಕಾರಿಪುರದ ಸ್ಟ್ಯಾಂಡಿನಲ್ಲಿ ನಿಂತಾಗ ಕಿಟಕಿಯ ಕೆಳಗೇ ಪರಿಚಯದ ದನಿ ಕೇಳಿತು.

"ಅಪ್ಪಾ, ಕುರಿ ಯಾರ ಹತ್ರ ಬಿಟ್ ಬಂದಿ? ನೀ ಉಂಡಿಯೋ ಇಲ್ಲೋ?"

ಅವಳೇ. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಅಪ್ಪನ ಕೈಯಿಂದ ಚೀಲ ಕಸಿದುಕೊಳ್ಳುತ್ತಿದ್ದಳು. ನನಗೆ ಖುಷಿಯಿಂದ ಅಳುವೇ ಬಂತು. ಬಸ್ಸಿಳಿದು ಓಡಿದೆ. ಅವಳ ಅಪ್ಪ ನನ್ನ ಊರು ಕೇಳಿದರು. ಹೊಸಬಾಳೆ ಅಂದ ಕೂಡಲೇ, ನಮ್ಮ ಕುರಿ ಆ ಕಡೆ ಮೇಯೋಕೆ ಬರ್ತಾವಲ್ಲ ಎಂದು ಮುಖ ಅರಳಿಸಿದರು.

"ನೀ ನಮ್ಮ ಕಡೇಳು ಅಂತ ಹೇಳ್ಬಾರ್ದಿತ್ತೇನೇ?" ಅಂದೆ. "ಇನ್ನು ನನ್ನತ್ರ ಹಿಂಗೇ ಮಾತಾಡೇ."

ಅವಳು ಅಪ್ಪನಿಗೆ ನೀರಿನ ಬಾಟಲಿ ತರಲು ಹೇಳಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಪ್ಲೀಸ್ ಮಗಾ, ಕಾಲೇಜಲ್ಲಿ ಸೀನ್ ಕ್ರಿಯೇಟ್ ಮಾಡ್ಬೇಡ."

ಕಂಡಕ್ಟರ್ ಸೀಟಿ ಊದಿದ. ಸೊರಬ ಬರುವವರೆಗೂ ನನಗೆ ಸಿಟ್ಟು. ನಾನು ಹೇಳಿಬಿಡುತ್ತೇನೆ ಅಂತ ಅವಳಿಗೆ ಅನ್ನಿಸಿತಲ್ಲ!

ನಾನು ಯಾರಿಗೂ ಹೇಳಲಿಲ್ಲ. ಅವಳು ಮಾತ್ರ ನಂಬಲಿಲ್ಲ. ರಜೆ ಮುಗಿಸಿ ಹೋದಾಗ ಬೇರೆ ಬೆಂಚಿಗೆ ಹೋಗಿ ಕೂತಿದ್ದಳು. ನಾನಿದ್ದ ಕಡೆ ಮಾತು ಕಮ್ಮಿ ಮಾಡಿದಳು. ಎಲ್ಲಿ ಊರ ಮಾತು ಹೊರಬಿದ್ದೀತೋ ಎಂಬ ಭಯ ಇರಬೇಕು. ಕ್ಯಾಂಟೀನಿನಲ್ಲಿ ಎದುರಾದರೆ 'ಹಾಯ್ ಮಗಾ' ಎಂದು ನಕ್ಕು ಮುಂದೆ ಹೋಗುತ್ತಾಳೆ. ಹಾಗೆ ಅವಳು ಎಲ್ಲರಿಗೂ ಅನ್ನುತ್ತಾಳೆ. ಅಪ್ಪನ ಹತ್ತಿರ ಆಡಿದ ಆ ಮಾತಿನಲ್ಲಿ ಒಂದು ಸಲ ನನ್ನನ್ನು ಬೈದಿದ್ದರೂ ಸಾಕಿತ್ತು.